ತೊಂಬತ್ತನಾಲ್ಕು ಪರ್ಸೆಂಟಿನ ಕಳ್ಳಿ

ಮಂಗಳ ನಿಂತೇ ಇದ್ದಳು. ಕೂರು ಎಂದು ಬಿಳಿಗಿರಿ ಸಾರ್ ಹೇಳಿರಲಿಲ್ಲ.

ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿದ್ದಿತ್ತು. ಬೆಳಕಿನಲ್ಲಿ ಅವಳ ಇಂಗ್ಲಿಷ್ ಪ್ರಬಂಧ. ಹೆಚ್ಚುಕಡಿಮೆ ಪ್ರತಿ ಸಾಲಿಗೂ ಕೆಂಪು ಬಳಿದಿತ್ತು, ಮದುವೆ ಮನೆಯ ಬಾಗಿಲಿಗೆ ಬಳಿದ ಹಾಗೆ. ಪಕ್ಕದಲ್ಲಿ ಒಂದು ಗುಂಡಗಿನ ಚಿತ್ರ. ಅದರೊಳಗೆ ತೊಂಬತ್ತನಾಲ್ಕು ಪರ್ಸೆಂಟ್ ಎಂದಿತ್ತು.

"ಇದನ್ನ ಬರೆದೋರು ಯಾರು ಮಂಗಳ?"

"ನಾನೇ ಸಾರ್."

"ಯೋಚನೆ ಮಾಡಿ ಹೇಳು."

"ಯೋಚ್ನೆ ಮಾಡುದ್ರೂವೆ ನಾನೇ ಸಾರ್."

ಹಿಂದಿನ ಬೆಂಚು ಕಿಸಕ್ಕೆಂದಿತು. ಬಿಳಿಗಿರಿ ಸಾರ್ ನಗಲಿಲ್ಲ. ಅವರಿಗೆ ಇಪ್ಪತ್ತಾರು ವರ್ಷ. ತಮಿಳು ಸೀಮೆಯ ಗಡಿಯಂಚಿನ ತಾಳವಾಡಿಯಲ್ಲಿ ಕೋಸು ಬೆಳೆಯುವ ಸೋಮಣ್ಣನವರ ಮಗ. ಕೊಯಮತ್ತೂರಿನಲ್ಲಿ ಎಂ.ಎ. ಮಾಡಿಕೊಂಡು ಬೆಟ್ಟದ ಮೇಲಿನ ಈ ಸಣ್ಣ ಕಾಲೇಜಿಗೆ ಇಂಗ್ಲಿಷ್ ಹೇಳಿಕೊಡಲು ಬಂದಿದ್ದರು. ಕೆಟ್ಟವರಲ್ಲ. ಹುಡುಗರ ಜೊತೆ ವಾಲಿಬಾಲ್ ಆಡುತ್ತಿದ್ದರು, ಮಳೆ ಬಂದರೆ ಬಸ್ಸು ತಪ್ಪಿದವರನ್ನು ತಮ್ಮ ಬೈಕಿನಲ್ಲಿ ಬಿಟ್ಟು ಬರುತ್ತಿದ್ದರು. ಪೊಂಗಲ್ ರಜೆಗೆ ಮುಂಚೆ ಎಲ್ಲೋ ತರಬೇತಿಗೆ ಹೋಗಿ ಬಂದಿದ್ದರು. ವಿದ್ಯಾರ್ಥಿಗಳು ಎಐ ಕೈಲಿ ಬರೆಸಿ ತಂದರೆ ಹಿಡಿದುಕೊಡುವ ಒಂದು ಸೈಟನ್ನು ಅಲ್ಲಿ ತೋರಿಸಿದ್ದರು. ಅಲ್ಲಿಂದ ಬಂದಮೇಲೆ ಸಾರು ಹೊಸ ಬೇಟೆನಾಯಿ ಸಾಕಿದವರ ಹಾಗೆ ಆಗಿದ್ದರು. ಯಾವಾಗ ಬಿಟ್ಟೇನು ಎಂದು ಕೈ ತುರಿಸುತ್ತಿತ್ತು. ಹುಡುಗರು ಆ ಸೈಟಿಗೆ 'ಮೂಸುನಾಯಿ' ಅಂತ ಹೆಸರಿಟ್ಟಿದ್ದರು.

"ತೊಂಬತ್ತನಾಲ್ಕು ಪರ್ಸೆಂಟ್ ಮಿಷಿನ್ ಬರೆದದ್ದು," ಎಂದರು ಸಾರು. "ನಿಂದು ಅಂತ ಇರೋದು ಆರೇ ಪರ್ಸೆಂಟ್."

"ಆ ಆರು ಯಾವ್ದು ಸಾರ್?"

ಸಾರು ಪರದೆ ನೋಡಿದರು. ಕೆಂಪು ತಾಗದೆ ಬೆಳ್ಳಗೆ ಉಳಿದದ್ದು ಮೇಲಿನ ಸಾಲು ಒಂದೇ. ಅಲ್ಲಿ ಅವಳ ಹೆಸರು, ಅವಳ ಹಾಡಿಯ ಹೆಸರು ಇದ್ದವು.

"ಅಂದ್ರೆ ನನ್ ಎಸ್ರು ಮಾತ್ರ ನಂದು," ಎಂದಳು ಮಂಗಳ.

ಈ ಸಲ ಇಡೀ ಕ್ಲಾಸು ನಕ್ಕಿತು. ಅವಳೂ ನಕ್ಕಳು. ಆ ಕ್ಲಾಸಿನಲ್ಲಿ ಕಾಡಿನ ಹಾಡಿಯಿಂದ ಬರುವವಳು ಅವಳೊಬ್ಬಳೇ. ಸೋಲಿಗರ ಹುಡುಗಿ ನಿಂತರೆ ಎಲ್ಲರ ಕಣ್ಣೂ ಚಪ್ಪಲಿಯಿಂದ ಶುರುವಾಗಿ ಮೇಲೆ ಹತ್ತುತ್ತದೆ. ಅದು ಅವಳಿಗೆ ಅಭ್ಯಾಸ. ಇಷ್ಟು ಹೊತ್ತು ನಿಂತು ಅಭ್ಯಾಸವಿರಲಿಲ್ಲ.

"ಕದ್ದಿದ್ರೆ ಮಾಲು ತೋರ್ಸಿ ಸಾರ್. ಯಾರ್ದ್ ಕದ್ದೆ?"

"ಇದು ಕಾಪಿ ಹಿಡಿಯೋದಲ್ಲ ಮಂಗಳ. ಕಾಪಿಯಾದ್ರೆ ಎಲ್ಲಿಂದ ಅಂತ ತೋರಿಸುತ್ತೆ. ಇದು ಬರವಣಿಗೆಯ ರೀತಿ ನೋಡಿ ಹೇಳುತ್ತೆ." ಸಾರು ಇನ್ನೊಂದು ಪುಟ ತೆರೆದರು. "ಇದನ್ನೂ ನೋಡು. ಫೈಲಿನ ಹಿಸ್ಟರಿ. ಒಂದು ಅಕ್ಷರ ಅಳಿಸಿಲ್ಲ, ತಿದ್ದಿಲ್ಲ. ಇಡೀ ಪ್ರಬಂಧ ಒಂದೇ ಏಟಿಗೆ ಬಂದು ಬಿದ್ದಿದೆ. ಮನುಷ್ಯರು ಹೀಗೆ ಬರೀತಾರಾ?"

"ನಮ್ಮಾಡೀಲಿ ಟವರ್ ಇಲ್ಲ ಸಾರ್. ಫೋನಲ್ಲೇ ಬರ್ದು ಮಡಗಿದ್ದೆ. ಜೀರಹಳ್ಳಿ ತಿರುವಲ್ಲಿ ಟವರ್ ಸಿಕ್ತು, ಅಲ್ಲಿ ಒಟ್ಗೆ ಎತ್ತಾಕ್ದೆ."

"ಸಿಕ್ಕಿಬಿದ್ದೋರೆಲ್ಲ ಇಂಥದ್ದೇ ಹೇಳ್ತಾರೆ." ದನಿ ತಗ್ಗಿಸಿದರು. "ನೋಡು, ನಿನ್ನ ಭವಿಷ್ಯ ಹಾಳುಮಾಡೋಕೆ ನನಗಿಷ್ಟ ಇಲ್ಲ. ಎಐ ಬರೆದದ್ದು ಅಂತ ಇಲ್ಲೇ ಎಲ್ಲರ ಮುಂದೆ ಹೇಳ್ಬಿಡು. ಬೇರೆ ಬರೆದು ತಾ, ಮಾರ್ಕು ಹಾಕ್ತೀನಿ. ಹೇಳದಿದ್ರೆ ಸೊನ್ನೆ. ಸೊನ್ನೆ ಬಂದ್ರೆ ಈ ಪೇಪರಿನ ಪರೀಕ್ಷೆಗೆ ಕೂರೋಕಾಗಲ್ಲ. ಗೊತ್ತಲ್ಲ?"

ಮಂಗಳ ಬೆಂಚಿನ ಅಂಚು ಹಿಡಿದಳು.

"ಏಳಲ್ಲ ಸಾರ್."

"ಏನು?"

"ಮಾಡ್ದಿರದ್ನ ಮಾಡ್ದೆ ಅಂತ ಏಳಲ್ಲ. ಸೊನ್ನೆ ಆಕ್ಕಳಿ."

ಚೀಲ ಎತ್ತಿಕೊಂಡು ಹೊರಟಳು. ಗಂಟೆ ಇನ್ನೂ ಹೊಡೆದಿರಲಿಲ್ಲ.

ಆ ಪ್ರಬಂಧ ಒಂದೇ ಏಟಿಗೆ ಬಂದದ್ದಲ್ಲ. ಅದು ಅವಳ ಬಾಯಲ್ಲಿ ಮೂರು ವರ್ಷ ನುರಿದದ್ದು.

ಪ್ಲಸ್ ಟು ಓದುವಾಗಿನಿಂದ ಶನಿವಾರ, ಭಾನುವಾರ ಮಂಗಳ ಹಾಸನೂರು ಕಡೆಯ ಒಂದು ಪ್ರವಾಸಿ ಬಿಡಾರಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಮೊದಮೊದಲು ಪಾತ್ರೆ ತಿಕ್ಕುವ ಕೆಲಸ. ಆಮೇಲೆ ಬಂದವರನ್ನು ಕಾಡಿನ ಅಂಚಿಗೆ ನಡೆಸಿಕೊಂಡು ಹೋಗಿ ತೋರಿಸುವ ಕೆಲಸ. ಬರುವವರಲ್ಲಿ ಅರ್ಧ ಜನಕ್ಕೆ ಕನ್ನಡವೂ ಬಾರದು, ತಮಿಳೂ ಬಾರದು. ಹಾಗಾಗಿ ಅವಳಿಗೆ ಇಂಗ್ಲಿಷ್ ಹುಟ್ಟಿತು. ಮೊದಲು ಕಲಿತದ್ದು ದಾರಿಬದಿಯ ಹಳೇ ಬೋರ್ಡುಗಳಿಂದ: ಕಾಡುಪ್ರಾಣಿಗಳಿಗೆ ದಾರಿ ಬಿಡಿ, ಶಬ್ದ ಮಾಡಬೇಡಿ. ಆಮೇಲೆ ಒಂದೊಂದೇ ವಾಕ್ಯ ಕಟ್ಟಿದಳು. ಆನೆಗಳು ಗುಂಪಿನಲ್ಲಿ ಬದುಕುವ ಪ್ರಾಣಿಗಳು. ಗುಂಪನ್ನು ಹಿರಿಯ ಹೆಣ್ಣಾನೆ ನಡೆಸುತ್ತದೆ. ಅವು ಹಳೆಯ ದಾರಿಯನ್ನು ಮರೆಯುವುದಿಲ್ಲ. ಹೇಳುವಾಗ ಯಾರಾದರೂ ಹುಬ್ಬು ಗಂಟಿಕ್ಕಿದರೆ, ಓಹೋ ಇಲ್ಲೇನೋ ಮುರಿದಿದೆ ಎಂದು ತಿಳಿಯುತ್ತಿತ್ತು. ಮುಂದಿನ ವಾರ ಅದನ್ನು ಬದಲಿಸುತ್ತಿದ್ದಳು. ಕೊನೆಗೆ ಯಾರೂ ಹುಬ್ಬು ಗಂಟಿಕ್ಕದ ವಾಕ್ಯಗಳು ಮಾತ್ರ ಉಳಿದವು. ಎಲ್ಲವೂ ಚಿಕ್ಕವು, ಎಲ್ಲವೂ ಒಂದೇ ಉದ್ದದವು. ಉಬ್ಬಸವಿಲ್ಲದೆ ಏರು ಹತ್ತುತ್ತಾ ಹೇಳಬೇಕಲ್ಲ.

'ನನ್ನೂರಿನ ಕಾಡು' ಎಂದು ಸಾರು ಪ್ರಬಂಧ ಕೊಟ್ಟಾಗ ಪೊಂಗಲ್ ರಜೆ. ರಜೆಯಲ್ಲಿ ಅವಳು ಅವ್ವ ಸಿದ್ದಿಯ ಜೊತೆ ಬೆಂಕಿ ಲೈನಿನ ಕೂಲಿಗೆ ಹೋಗಿದ್ದಳು. ಬೇಸಿಗೆಯ ಕಾಳ್ಗಿಚ್ಚು ದಾಟದಿರಲಿ ಎಂದು ಕಾಡಿನೊಳಗೆ ಉದ್ದಕ್ಕೂ ಪೊದೆ ಸವರಿ ಬಯಲು ಮಾಡುವ ಕೆಲಸ. ಉಣ್ಣಿಗಿಡದ ಮುಳ್ಳು ತೋಳು ಗೀರುತ್ತದೆ. ಬೆವರು ಗೀರಿಗಿಳಿದು ಉರಿಯುತ್ತದೆ. ಮಚ್ಚು ಬೀಸುತ್ತಾ ಅವಳು ವಾಕ್ಯಗಳನ್ನು ಒಂದರ ಹಿಂದೊಂದು ಜೋಡಿಸಿದಳು. ಸಂಜೆ ಬೊಬ್ಬೆ ಬಂದ ಬೆರಳಲ್ಲಿ ಫೋನಿಗೆ ಇಳಿಸಿದಳು. ತಿದ್ದುವುದು ಏನೂ ಉಳಿದಿರಲಿಲ್ಲ. ತಿದ್ದಿದ್ದೆಲ್ಲ ಪೊದೆಯಲ್ಲೇ ಬಿದ್ದಿತ್ತು.

ಬಸ್ಸಿಗೆ ಕಾಯುವಾಗ ಸುಧಾಮಣಿ ಬಂದು ಪಕ್ಕ ಕೂತಳು. ಅವಳು ತಾಳವಾಡಿಯ ಒಕ್ಕಲು ಮನೆಯ ಹುಡುಗಿ, ಮಂಗಳಳ ಬೆಂಚಿನವಳು.

"ನಿಂಗ್ ಏನ್ ಬಂತಮ್ಮಿ?" ಎಂದಳು ಮಂಗಳ.

"ಮೂರು ಪರ್ಸೆಂಟ್."

"ನೀನೇ ಬರ್ದಾ?"

"ನಂಗೇನ್ ಉಚ್ಚಾ? ಎಐ ಬರ್ದದ್ದು." ಸುಧಾಮಣಿ ನಾಚಿಕೆಯೇ ಇಲ್ಲದೆ ಫೋನು ತೆಗೆದಳು. "ಮೂಸುನಾಯಿ ನಮಗೂ ಸಿಕ್ತದೆ ಕಣೆ, ಅದು ಫ್ರೀ ಸೈಟು. ಕೊಡೋಕ್ ಮುಂಚೆ ನಾವೇ ಮೂಸಿಸಿ ನೋಡ್ತೀವಿ. ಕೆಂಪು ಬಂದ್ರೆ ಕೆಡಿಸ್ತೀವಿ. ಇಲ್ಲಿ ನೋಡು, ನಿಂದನ್ನ ಮನುಷ್ಯಳ್ದು ಮಾಡ್ತೀನಿ."

ಮಂಗಳಳ ಪ್ರಬಂಧವನ್ನು ಸೈಟಿಗೆ ಹಾಕಿದಳು. ಈ ಸಲ ಎಪ್ಪತ್ತೊಂದು ಬಂತು.

"ಆಗ್ಲೆ ತೊಂಬತ್ನಾಕು ಅಂದಿತ್ತಲ್ಲ?"

"ಅದಕ್ಕೂ ಮೂಡ್ ಇರ್ತದೆ."

ಸುಧಾಮಣಿ ಎರಡು ವಾಕ್ಯ ಸೇರಿಸಿ ಒಂದು ಉದ್ದನೆಯ ಸೊಟ್ಟ ವಾಕ್ಯ ಮಾಡಿದಳು. ನಲವತ್ತಕ್ಕಿಳಿಯಿತು. ಆನೆ ಎಂಬುದರ ಸ್ಪೆಲ್ಲಿಂಗ್ ಕೆಡಿಸಿ, ನಡುವೆ ಸಂಬಂಧವಿಲ್ಲದ ಒಂದು ದೊಡ್ಡ ಪದ ತುರುಕಿದಳು. ಹನ್ನೆರಡು.

"ಆಯ್ತು, ನೀನೀಗ ಮನುಷ್ಯಳು. ಇದ್ನ ಕೊಡು, ಗೋಳು ಮುಗೀತದೆ."

ಮಂಗಳ ಕೆಟ್ಟುಹೋದ ಸಾಲುಗಳನ್ನು ನೋಡುತ್ತಾ ಕೂತಳು. ಆ ಸ್ಪೆಲ್ಲಿಂಗ್ ಅವಳದ್ದೇ, ಮೊದಲನೇ ವರ್ಷದ್ದು. ಅದನ್ನು ನೋಡಿ ಒಬ್ಬ ಪ್ರವಾಸಿ ನಕ್ಕು ಫೋಟೋ ತೆಗೆದುಕೊಂಡಿದ್ದ.

"ಈ ತಪ್ನ ತಗ್ಯಕ್ಕೆ ಮೂರ್ ವರ್ಸ ಬೇಕಾಯ್ತು ಸುಧಾ. ತಿರ್ಗ ಆಕ್ಲಾ?"

"ಒಂದೇ ಒಂದ್ಸಲ ಕಣೆ."

"ಆಕಲ್ಲ. ಸೋಲ್ಗರುಡ್ಗಿ ಅಂದ್ರೆ ತಪ್ಪಾಗೇ ಬರೀಬೇಕು ಅಂತ ಅವರ್ ಲೆಕ್ಕ. ಸರಿಯಾಗ್ ಬರುದ್ರೆ ಕಳ್ಳಿ. ನಾನ್ಯಾಕ ಆ ಲೆಕ್ಕ ಸರಿ ಮಾಡ್ಲಿ?"

ಸುಧಾಮಣಿ ಕೆಡಿಸಿದ್ದನ್ನು ಅಳಿಸಿದಳು.

ಸುದ್ದಿ ಬಸ್ಸಿಗಿಂತ ಮುಂಚೆ ಹಾಡಿ ಮುಟ್ಟಿತ್ತು. ಕಾಲೇಜಿನ ಹುಡುಗನೊಬ್ಬ ಜೀಪಿನವನಿಗೆ ಹೇಳಿದ್ದ. ಜೀಪಿನವನು ದಾರಿಯಲ್ಲಿ ಹತ್ತಿದವರಿಗೆಲ್ಲ ಹೇಳಿದ್ದ. ಬೆಂಕಿ ಲೈನಿನ ಹೆಂಗಸರ ಬಾಯಿಗೆ ಬರುವಷ್ಟರಲ್ಲಿ ಅದು 'ಸಿದ್ದಿ ಮಗಳು ಕಾಲೇಜಲ್ಲಿ ಕದ್ದು ಸಿಕ್ಕಿಬಿದ್ದವಳೆ' ಎಂದಾಗಿತ್ತು.

ಸಿದ್ದಿ ಮಚ್ಚು ಮಸೆಯುತ್ತಾ ಕೂತಿದ್ದಳು.

"ಏನ ಕದ್ದಮ್ಮಿ?"

"ಇಂಗ್ಲೀಷು."

"ಅದ ಎಲ್ಲಿ ಮಡಗಿದ್ರು?"

ಮಂಗಳಳಿಗೆ ನಗು ಉಕ್ಕಿತು. ನಗುತ್ತಾ ನಗುತ್ತಾ ಅಳು ಬಂತು. ಸಿದ್ದಿ ಮಸೆಯುವುದನ್ನು ನಿಲ್ಲಿಸಿದಳು.

"ಕೆಲಸದಲ್ಲಿ ನನ್ ಪಕ್ಕದವಳು ಇವತ್ತು ಅವಳ ಬುತ್ತಿನ ದೂರ ಮಡಿಕಂಡ್ಲು ಕಣಮ್ಮಿ. ನನ್ ಚೀಲದ ತಾವಿಂದ ತಗದು. ಅಷ್ಟು ಸಾಕು ನಂಗೆ. ನೀ ಕದ್ದಿಲ್ಲ ಅಂದ್ರೆ ಅದ್ನ ನಿಮ್ ಕಾಲೇಜು ವಾತ್ಯಾರ ಬಾಯಲ್ಲೇ ಏಳುಸು."

ಮರುದಿನ ಮಂಗಳ ಯಾರೂ ಹೇಳದೆಯೇ ಎದ್ದು ನಿಂತಳು.

"ಸಾರ್, ಇದ್ನ ಮೂಸುನಾಯಿಗೆ ಆಕಿ."

ಫೋನಿನಲ್ಲಿ ಒಂದು ಫೋಟೋ. ಘಾಟಿ ರಸ್ತೆಯ ಹಳೇ ಬೋರ್ಡು, ತುಕ್ಕು ಹಿಡಿದು ಒಂದು ಮೂಲೆ ಮಡಿಸಿಕೊಂಡದ್ದು. ಅದರ ಮೇಲಿನ ಇಂಗ್ಲಿಷ್ ಸಾಲುಗಳನ್ನೆಲ್ಲ ಅವಳು ಬೆರಳಚ್ಚು ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಬಿಳಿಗಿರಿ ಸಾರ್ ಒಂದು ಗಳಿಗೆ ಅನುಮಾನಿಸಿದರು. ಆದರೆ ಇಡೀ ಕ್ಲಾಸು ಪರದೆಯನ್ನೇ ನೋಡುತ್ತಿತ್ತು. ಹಾಕಿದರು.

ತೊಂಬತ್ತೇಳು ಪರ್ಸೆಂಟ್.

"ಆ ಬೋರ್ಡು ನಾನು ಒಂದ್ನೇ ಕ್ಲಾಸ್ನಲ್ಲಿದ್ದಾಗ್ಲೂ ಅಲ್ಲೇ ಇತ್ತು ಸಾರ್. ಆಗ ಎಐ ದಿಂಬಂ ಘಾಟಿ ಅತ್ತಿ ಬಂದಿತ್ತಾ?"

ನಗು ಕಿಟಕಿಯಾಚೆಗೂ ಹೋಯಿತು. ಸಾರಿನ ಕಿವಿ ಕೆಂಪಾಯಿತು. ಅವರೂ ನಗಲು ನೋಡಿದರು. ಆಗ ಮಂಗಳ ಎರಡನೆಯದನ್ನು ಕೇಳಿದಳು. ಇದರಲ್ಲಿ ನಗು ಇರಲಿಲ್ಲ.

"ನಮ್ ಕ್ಲಾಸಲ್ಲಿ ಎಷ್ಟ್ ಜನದ್ ಪ್ರಬಂಧ ಇದಕ್ಕೆ ಆಕುದ್ರಿ ಸಾರ್?"

ಬಿಳಿಗಿರಿ ಸಾರ್ ಪ್ರೊಜೆಕ್ಟರ್ ಆರಿಸಿದರು. ಲ್ಯಾಪ್‌ಟಾಪನ್ನೂ ಮುಚ್ಚಿದರು. ಪಾಠ ಮಾಡದೆ ಹೊರಟುಹೋದರು.

ಎರಡು ದಿನ ಅವರು ಸ್ಟಾಫ್ ರೂಮಿನಿಂದ ಆಚೆ ಸರಿಯಾಗಿ ಬರಲಿಲ್ಲ. ಮೂರನೇ ದಿನ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು. ಇತ್ತೀಚೆಗೆ ತಂತ್ರಾಂಶದ ಮಿತಿಯಿಂದಾಗಿ ಒಬ್ಬ ವಿದ್ಯಾರ್ಥಿನಿಗೆ ಉಂಟಾದ ಅನಾನುಕೂಲಕ್ಕೆ ಪ್ರಾಮಾಣಿಕವಾಗಿ ವಿಷಾದಿಸುತ್ತೇನೆ, ಎಂಬ ಅರ್ಥದ್ದು. ಹೊಲಿಗೆ ಕಾಣದ ಹಾಗೆ ಹೊಲಿದ ಮಾತು.

ಸುಧಾಮಣಿ ಸುಮ್ಮನಿರುವವಳಲ್ಲ. ಅದನ್ನು ಮೂಸುನಾಯಿಗೆ ಹಾಕಿ, ಬಂದ ಫಲಿತಾಂಶದ ಫೋಟೋವನ್ನು ಅದೇ ಗ್ರೂಪಿಗೆ ಬಿಟ್ಟಳು. ತೊಂಬತ್ತೊಂಬತ್ತು ಪರ್ಸೆಂಟ್.

ಮಾರನೆಯ ದಿನ ಸಾರು ಬಂದಾಗ ಅವರ ಮುಖ ಸುಟ್ಟ ಹಪ್ಪಳದಂತಿತ್ತು.

"ಅದನ್ನ ನಾನೇ ಬರೆದದ್ದು," ಎಂದರು.

"ನಂಬೋದ್ಯಾಂಗೆ ಸಾರ್?" ಎಂದ ಹಿಂದಿನ ಬೆಂಚಿನ ಒಬ್ಬ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಸಾರು ಮೇಜಿನ ಹಿಂದಿನಿಂದ ಈಚೆ ಬಂದರು. ಲ್ಯಾಪ್‌ಟಾಪು ತಂದಿರಲಿಲ್ಲ. ಮಂಗಳಳ ಬೆಂಚಿನ ಮುಂದೆ ನಿಂತರು.

"ಮಂಗಳ, ಆ ಮಿಷಿನ್ ತಪ್ಪು ಮಾಡ್ತು. ಅದಕ್ಕೆ..."

"ಮಿಷಿನ್ ನನ್ನ ನಿಲ್ಲು ಅನ್ನಲಿಲ್ಲ ಸಾರ್," ಎಂದಳು ಮಂಗಳ. ಕೂತೇ ಹೇಳಿದಳು.

ಸಾರು ತಲೆ ತಗ್ಗಿಸಿದರು. ಆಮೇಲೆ ಮಾತಾಡಿದರು. ಕಾಲೇಜಿನ ಕನ್ನಡ ಹೋಗಿ ತಾಳವಾಡಿಯ ಮನೆಮಾತೇ ಬಂತು.

"ಊಂ. ತಪ್ಪು ನಂದು. ಆ ಸೈಟು ಓದಲ್ಲ. ಒಂದು ಪದ ಆದ್ಮೇಲೆ ಯಾವ್ ಪದ ಬರ್ಬೋದು ಅಂತ ಊಹಿಸ್ತಾ ಓಯ್ತದೆ. ಊಹಿಸಿದ್ದೇ ಬತ್ತಾ ಇದ್ರೆ, ವಾಕ್ಯಗಳೂ ಒಂದೇ ಅಳತೇಲಿದ್ರೆ, ಮಿಷಿನ್ ಬರ್ದಿರ್ಬೋದು ಅಂತ ಅನುಮಾನ ಏಳ್ತದೆ. ಅನುಮಾನ ಮಾತ್ರ. ತೊಂಬತ್ನಾಕು ಅಂದ್ರೆ ನೂರಕ್ಕೆ ತೊಂಬತ್ನಾಕು ಪದ ಕದ್ದದ್ದು ಅಂತ ಅಲ್ಲ. ಅದನ್ನೇ ನಾನು ನಿಮಗೆ ತಪ್ಪಾಗಿ ಏಳ್ದೆ. ಇಂಗ್ಲಿಷ್ ಮನೆಮಾತಲ್ಲದೋರು ಗೊತ್ತಿರೋ ಪದ ಇಟ್ಕೊಂಡು ಸರಳವಾಗಿ ಬರೀತಾರೆ. ಅಂಥೋರ್ ಮೇಲೆ ಅದು ಇನ್ನೂ ಜಾಸ್ತಿ ಬೊಗಳ್ತದೆ. ಚಿಕ್ಕ ಬರಹಕ್ಕೆ ನಂಬಬ್ಯಾಡಿ, ಇದೊಂದ್ರ ಮೇಲೇ ಯಾರ್ನೂ ಶಿಕ್ಷಿಸಬ್ಯಾಡಿ ಅಂತ ಆ ಸೈಟಿನ ಅಡೀಲೇ ಬರ್ದವ್ರೆ. ನಾನು ಅಡಿವರ್ಗೂ ಓಗಿರ್ಲಿಲ್ಲ."

"ನಿಮ್ದ ಆಕಿ ನೋಡುದ್ರಾ ಸಾರ್?" ಎಂದಳು ಸುಧಾಮಣಿ.

"ಎಂ.ಎ. ಓದೋವಾಗ ಬರ್ದಿದ್ನ ಆಕ್ದೆ. ಆಗ ಈ ಎಐ ಜನರ ಕೈಗೆ ಬಂದೇ ಇರ್ಲಿಲ್ಲ. ಎಂಬತ್ತೆಂಟು ಬಂತು."

"ಅವತ್ ಕೇಳಿದ್ ಎರಡ್ನೇದ್ಕೆ ಉತ್ರ ಏಳ್ಲಿಲ್ಲ ನೀವು," ಎಂದಳು ಮಂಗಳ.

ಅವರಿಗೆ ಅರ್ಥವಾಯಿತು.

"ನಿಂದೊಂದೇ ಆಕಿದ್ದು. ಬೇರೆಯೋರ್ದು ಯಾರ್ದೂ ಆಕ್ಲಿಲ್ಲ. ಓದ್ದಾಗ ಇಂಗ್ಲಿಷ್ ಚೆನ್ನಾಗಿತ್ತು. ಎಸ್ರು ನೋಡ್ದೆ. ಆಡಿ ಎಸ್ರು ನೋಡ್ದೆ. ಇವಳು ಇಂಗೆ ಬರ್ದಾಳಾ ಅನ್ಸ್ತು. ಸೈಟು ಆಮೇಲಿನ ಮಾತು, ಅದಕ್ಕೂ ಮುಂಚೆ ನಾನೇ ತೀರ್ಪು ಕೊಟ್ಬುಟ್ಟಿದ್ದೆ."

ಯಾರೂ ನಗಲಿಲ್ಲ. ಸುಧಾಮಣಿ ಬೆಂಚಿನ ಮೇಲಿನ ಗೀಚು ಕೆರೆಯುತ್ತಾ ಕೂತಳು.

"ನಮ್ಮ ಇಂಗ್ಲಿಷ್ ವಿಭಾಗದ ಹೆಡ್ ಮಹದೇವಯ್ಯನವರ ಹತ್ರ ಬೆಳಗ್ಗೆನೇ ಓಗಿದ್ದೆ. ಹುಡುಗಿ ಸುಮ್ನಿದ್ದಾಳಲ್ಲ, ನೀನ್ಯಾಕ ಎಬ್ಬಿಸ್ತೀಯಾ ಅಂದ್ರು. ಅವಳು ಸುಮ್ನಿಲ್ಲ ಸಾರ್ ಅಂದೆ. ಸೊನ್ನೆ ತಗ್ದು ಮಾರ್ಕು ಆಕಿವ್ನಿ. ನೀನು ಪರೀಕ್ಷೆಗೆ ಕೂತ್ಕೋತೀಯ. ಇನ್ಮೇಲೆ ಅನುಮಾನ ಬಂದ್ರೆ ಎದ್ರು ಕೂರಿಸ್ಕೊಂಡು, ಬರ್ದದ್ದನ್ನ ಬಾಯಲ್ಲಿ ಏಳು ಅಂತ ಕೇಳ್ತೀನಿ."

"ಅದ್ನ ಅವತ್ತೇ ಕೇಳ್ಬೋದಿತ್ತು ಸಾರ್. ನಿಂತೇ ಇದ್ನಲ್ಲ."

"ಕೇಳ್ಬೋದಿತ್ತು. ತಪ್ಪಾಯ್ತು ಮಂಗಳ."

ಮಂಗಳ ಅವರ ಮುಖ ನೋಡಿದಳು. ಸಾಕು ಅನ್ನಬಹುದಿತ್ತು. ಆದರೆ ಅವ್ವನ ಬುತ್ತಿಯ ಮಾತು ಅಡ್ಡ ಬಂತು.

"ಇಲ್ಲಿ ಸರೋಯ್ತು ಸಾರ್. ಅಲ್ಲಿ ನಮ್ಮವ್ವಂಗೆ ಯಾರ್ ಏಳೋರು?"

ಶನಿವಾರ ಮಂಗಳ ಬಿಡಾರದ ಕೆಲಸಕ್ಕೆ ರಜೆ ಹಾಕಿದಳು. ಬಿಳಿಗಿರಿ ಸಾರ್ ಬೈಕನ್ನು ಜೀರಹಳ್ಳಿ ದಾಟಿದ ಮೇಲೆ ನಿಲ್ಲಿಸಿ, ಅವಳ ಹಿಂದೆ ಬೆಂಕಿ ಲೈನು ಹತ್ತಿದರು. ಪಾಲಿಷ್ ಮಾಡಿದ ಬೂಟು. ಉಣ್ಣಿಮುಳ್ಳು ಮೊದಲು ಪ್ಯಾಂಟು ಹಿಡಿಯಿತು, ಆಮೇಲೆ ಅಂಗಿ, ಆಮೇಲೆ ಕೈ. ಏರು ಮುಗಿಯುವ ಹೊತ್ತಿಗೆ ಸಾರು ನಾಯಿಯ ಹಾಗೆ ಏದುತ್ತಿದ್ದರು.

ಇಳಿಜಾರಿನ ಉದ್ದಕ್ಕೂ ಹೆಂಗಸರು ದೂರ ದೂರ ನಿಂತು ಪೊದೆ ಸವರುತ್ತಿದ್ದರು. ಎಲ್ಲರಿಗಿಂತ ಮೇಲೆ ಸಿದ್ದಿ. ಅವಳು ಮಚ್ಚು ಇಳಿಸಲಿಲ್ಲ.

"ಅವ್ವ, ನಮ್ ಸಾರು."

"ವಾತ್ಯಾರಾ? ಬನ್ನಿ. ಅಲ್ಲಿ ನಿಂತ್ಕಬ್ಯಾಡಿ, ಕೆಂಜಗ ಅದ."

ಬಿಳಿಗಿರಿ ಸಾರ್ ಕಾಲಿಗೆ ಹತ್ತಿದ ಕೆಂಪಿರುವೆ ಕೊಡವಿಕೊಂಡು ಪಕ್ಕಕ್ಕೆ ಬಂದರು. ಕೈಮುಗಿದರು. "ಅಮ್ಮ, ಅದು ಏನಾಯ್ತು ಅಂದ್ರೆ, ಒಂದು ಸೈಟು ಅಂತ ಬತ್ತದೆ. ಅದು ಬರವಣಿಗೆ ನೋಡಿ, ಇಷ್ಟು ಪರ್ಸೆಂಟು ಅಂತ..."

"ಅದೆಲ್ಲ ನಂಗ್ ಬ್ಯಾಡ ವಾತ್ಯಾರೆ. ನಮ್ಮುಡ್ಗಿ ಕದ್ಲಾ, ಇಲ್ವಾ?"

"ಇಲ್ಲಮ್ಮ."

"ಕೇಳಿಸ್ಲಿಲ್ಲ."

"ಕದ್ದಿಲ್ಲ. ನಾನೇ ಸುಳ್ಳೇಳ್ದೆ. ಅವಳೇ ಬರ್ದದ್ದು."

"ನಂಗ್ ಕೇಳುಸ್ತು," ಎಂದಳು ಸಿದ್ದಿ. ಮಚ್ಚಿನ ತುದಿಯಿಂದ ಕೆಳಗೆ ತೋರಿಸಿದಳು. "ಅವರ್ಗೆ ಕೇಳಿಸ್ಲಿಲ್ಲ."

ಕಾಡಿನಲ್ಲಿ ಬೆಂಕಿ ಲೈನಿನ ಹೆಂಗಸರು ಆನೆ ಬಂದರೂ, ಊಟದ ಹೊತ್ತಾದರೂ, ಮೇಲಿನವಳು ಕೂಗಿ ಕೆಳಗಿನವಳಿಗೆ ದಾಟಿಸುತ್ತಾರೆ. ಬಿಳಿಗಿರಿ ಸಾರ್ ಅಂಚಿಗೆ ಹೋಗಿ ನಿಂತರು. ಮಂಗಳಳ ಕಡೆ ನೋಡಿದರು. ಅವಳು ಕೆಳಗಿನವರ ಕಡೆ ಕತ್ತು ತಿರುಗಿಸಿದಳು. ಎರಡೂ ಕೈ ಬಾಯಿಗಿಟ್ಟುಕೊಂಡು ಕೂಗಿದರು.

"ಮಂಗಳ ಕದ್ದಿಲ್ಲ. ವಾತ್ಯಾರು ಸುಳ್ಳೇಳಿದ್ದು."

ಮಚ್ಚಿನ ಸದ್ದು ನಿಂತಿತು. ಕೆಳಗಿನ ಪೊದೆಯಿಂದ, ಬುತ್ತಿ ದೂರ ಇಟ್ಟ ಆ ಪಕ್ಕದವಳು ತಲೆಯೆತ್ತಿದಳು. ಕೆಳಕ್ಕೆ ತಿರುಗಿ ಕೂಗಿದಳು.

"ಸಿದ್ದಿ ಮಗಳು ಕದ್ದಿಲ್ವಂತೆ. ವಾತ್ಯಾರು ಸುಳ್ಳೇಳಿದ್ನಂತೆ."

ಅವಳ ಕೆಳಗಿನವಳು ಕೂಗಿದಳು. ಅದರ ಕೆಳಗಿನವಳು ಕೂಗಿದಳು. ಮಾತು ಪೊದೆಯಿಂದ ಪೊದೆಗೆ ಇಳಿಯುತ್ತಾ, ಇಳಿಯುತ್ತಾ ಸಣ್ಣದಾಯಿತು. ಹಳ್ಳದ ಹತ್ತಿರ ಯಾರೋ ಏನೋ ಸೇರಿಸಿ ಕೂಗಿದಳು. ಅಲ್ಲಿ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಏನಂದ್ರು?" ಎಂದು ಬಿಳಿಗಿರಿ ಸಾರ್ ಕೇಳಿದರು.

"ನಿಮ್ ವಿಸ್ಯ ಏನೋ ಅಂದ್ರು, ಬುಡಿ ಸಾರ್," ಎಂದು ಮಂಗಳ ಇನ್ನೊಂದು ಮಚ್ಚು ಎತ್ತಿಕೊಂಡಳು.